ಬಣ್ಣ ಹೇಳುವುದು ಕಸದ ಮುಂದಿನ ದಾರಿ

ಬೆಳಗಿನ ರೌಂಡ್ಸ್ ಮುಗಿದಿತ್ತು. ಹದಿನಾಲ್ಕನೇ ಬೆಡ್ಡಿನ ಅಜ್ಜನಿಗೆ ಡ್ರಿಪ್ ತೆಗೆದು, ಕೈಗೆ ಹತ್ತಿ ಒತ್ತಿ, ಸ್ಟೀಲ್ ಟ್ರೇ ಹಿಡಿದುಕೊಂಡು ಬಂದ ಹುಡುಗಿ ನಾಲ್ಕು ಬಣ್ಣದ ಡಬ್ಬಿಗಳ ಮುಂದೆ ನಿಂತುಬಿಟ್ಟಳು. ನರ್ಸಿಂಗ್ ಕೊನೆಯ ವರ್ಷದವಳು. ಇನ್ನೊಂದು ತಿಂಗಳಲ್ಲಿ ಪರೀಕ್ಷೆ, ಅದಾದ ಮೇಲೆ ಶುಶ್ರೂಷಾಧಿಕಾರಿ ನೇಮಕಾತಿಗೆ ಅರ್ಜಿ ಹಾಕುವ ಆಸೆ. ಯಾವ ಬಣ್ಣಕ್ಕೆ ಏನು ಎಂಬ ಪಟ್ಟಿ ಅವಳಿಗೆ ಕಂಠಪಾಠ. ಆದರೂ ಐ.ವಿ. ಸೆಟ್ಟಿನ ಕೊಳವೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನನ್ನ ಕಡೆ ನೋಡಿದಳು. ಕೊಳವೆಯ ತುದಿಯಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ರಕ್ತ ಹಿಂದಕ್ಕೆ ಬಂದು ನಿಂತಿತ್ತು.

"ಮೇಡಂ, ಇದರಲ್ಲಿ ರಕ್ತ ಇದೆಯಲ್ಲ, ಹಳದಿಗೆ ಹಾಕ್ಲಾ?"

ಸೋಂಕು ನಿಯಂತ್ರಣದ ಕೆಲಸದಲ್ಲಿರುವ ನನಗೆ ಈ ಪ್ರಶ್ನೆ ವರ್ಷಕ್ಕೆ ನೂರು ಸಲ ಎದುರಾಗುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗುವುದೂ ಇಲ್ಲಿಯೇ. ಹೆಚ್ಚು ಗಲೀಜಾದದ್ದು ಹಳದಿಗೆ, ಕಡಿಮೆ ಗಲೀಜಾದದ್ದು ಕೆಂಪಿಗೆ ಎಂದು ಮಕ್ಕಳು ತಮಗೆ ತಾವೇ ಒಂದು ಲೆಕ್ಕ ಕಟ್ಟಿಕೊಂಡಿರುತ್ತಾರೆ. ಆ ಲೆಕ್ಕ ತಪ್ಪು. ಡಬ್ಬಿಯ ಬಣ್ಣ ವಸ್ತು ಎಷ್ಟು ಮಲಿನವಾಗಿದೆ ಎಂಬುದನ್ನು ಹೇಳುವುದಿಲ್ಲ, ಅದು ಇಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಳುತ್ತದೆ. ಹಳದಿಯದು ಬೆಂಕಿಯ ದಾರಿ. ಕೆಂಪಿನದು ಆವಿಯಲ್ಲಿ ಬೆಂದು, ಚೂರಾಗಿ, ಮತ್ತೆ ಪ್ಲಾಸ್ಟಿಕ್ ಆಗುವ ದಾರಿ. ಬಿಳಿಯದು ಚುಚ್ಚುವ ಲೋಹದ ದಾರಿ. ನೀಲಿಯದು ಗಾಜಿನ ದಾರಿ. ಇಷ್ಟು ಮನಸ್ಸಿನಲ್ಲಿ ಕೂತರೆ ಉದ್ದದ ಪಟ್ಟಿಯ ಮುಕ್ಕಾಲು ಪಾಲನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಈಗ ಜಾರಿಯಲ್ಲಿರುವುದು ಜೀವ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016. ಆಸ್ಪತ್ರೆಯ ಮಾತಿನಲ್ಲಿ ಬಿ.ಎಂ.ಡಬ್ಲ್ಯು. ರೂಲ್ಸ್. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಮೊದಲ ನಿಯಮಗಳು ಬಂದದ್ದು 1998ರಲ್ಲಿ. ಆಗ ಹತ್ತು ವರ್ಗಗಳಿದ್ದವು, ಕಪ್ಪು ಚೀಲವೂ ಇತ್ತು. 2016ರಲ್ಲಿ ಅದನ್ನೆಲ್ಲ ಹಳದಿ, ಕೆಂಪು, ಬಿಳಿ, ನೀಲಿ ಎಂಬ ನಾಲ್ಕಕ್ಕೆ ಇಳಿಸಿದರು. 2018ರಲ್ಲಿ ಕೆಲವು ತಿದ್ದುಪಡಿಗಳಾದವು. ಅವುಗಳ ಮಾತು ಮುಂದೆ ಬರುತ್ತದೆ.

ಒಂದು ಟ್ರೇ, ಹತ್ತು ವಸ್ತು

ಆ ಹುಡುಗಿಯ ಟ್ರೇಯನ್ನು ಮೇಜಿನ ಮೇಲೆ ಇಡಿಸಿ ಒಂದೊಂದೇ ವಸ್ತುವನ್ನು ಎತ್ತಿಸಿದೆ. ಓದುಗರೂ ಜೊತೆಗೇ ನೋಡಬಹುದು, ಏಕೆಂದರೆ ಒಂದು ಡ್ರಿಪ್ಪಿನ ಕಸದಲ್ಲಿ ನಾಲ್ಕೂ ಬಣ್ಣಗಳು ಸಿಕ್ಕಿಬಿಡುತ್ತವೆ.

ಮೊದಲು ಅದೇ ಐ.ವಿ. ಸೆಟ್. ಅದು ಏನರಿಂದ ಮಾಡಿದ್ದು? ಪ್ಲಾಸ್ಟಿಕ್. ಒಳಗೆ ರಕ್ತ ಇದೆ, ನಿಜ. ಆದರೆ ಪ್ಲಾಸ್ಟಿಕ್ಕನ್ನು ಆಟೋಕ್ಲೇವಿನಲ್ಲಿ ಹಬೆಯ ಒತ್ತಡಕ್ಕೆ ಒಡ್ಡಿದರೆ ರಕ್ತದಲ್ಲಿರುವ ವೈರಸ್ಸು, ಬ್ಯಾಕ್ಟೀರಿಯಾ ಎಲ್ಲ ಸಾಯುತ್ತವೆ. ಆಮೇಲೆ ಅದನ್ನು ಶ್ರೆಡರಿನಲ್ಲಿ ಚೂರು ಮಾಡಿ ಮರುಬಳಕೆ ಮಾಡುವವರಿಗೆ ಕೊಡಬಹುದು. ಹಾಗಾಗಿ ಕೆಂಪು. ಸಲೈನ್ ಬಾಟಲಿ ಪ್ಲಾಸ್ಟಿಕ್ಕಿನದಾದರೆ ಅದೂ ಕೆಂಪು. ಸೂಜಿ ತೆಗೆದ ಸಿರಿಂಜು ಕೆಂಪು. ಗ್ಲೌಸ್ ಕೆಂಪು. ಪಕ್ಕದ ಬೆಡ್ಡಿನ ಯೂರಿನ್ ಬ್ಯಾಗನ್ನು ಖಾಲಿ ಮಾಡಿದ ಮೇಲೆ ಅದೂ, ಅದರ ಕ್ಯಾಥಿಟರೂ ಕೆಂಪೇ.

ಹಳದಿಗೆ ಹಾಕಿದ್ದರೆ ಏನಾಗುತ್ತಿತ್ತು? ಹಳದಿ ಚೀಲ ಹೋಗುವುದು ಇನ್ಸಿನರೇಟರಿಗೆ. ಅದರ ಮೊದಲ ಕೋಣೆಯಲ್ಲಿ 800 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಕಾವಿನಲ್ಲಿ ಕಸ ಉರಿಯುತ್ತದೆ, ಎರಡನೆಯ ಕೋಣೆಯಲ್ಲಿ ಸುಮಾರು 1,050 ಡಿಗ್ರಿಯಲ್ಲಿ ಹೊಗೆ ಮತ್ತೊಮ್ಮೆ ಉರಿಯುತ್ತದೆ. ಐ.ವಿ. ಕೊಳವೆಗಳಲ್ಲಿ ಬಹಳಷ್ಟು ಪಿ.ವಿ.ಸಿ.ಯಿಂದ ಮಾಡಿದವು, ಪಿ.ವಿ.ಸಿ.ಯಲ್ಲಿ ಕ್ಲೋರಿನ್ ಇದೆ. ಅದು ಸುಟ್ಟಾಗ ಡಯಾಕ್ಸಿನ್, ಫ್ಯೂರಾನ್ ಎಂಬ ವಿಷಗಳು ಹುಟ್ಟುತ್ತವೆ. ಇವು ಗಾಳಿಯಿಂದ ಮಣ್ಣಿಗೆ, ಮಣ್ಣಿನಿಂದ ಮೇವಿಗೆ, ಮೇವಿನಿಂದ ಹಾಲಿಗೆ ಇಳಿಯುವಂಥವು. ಹಳದಿ ಚೀಲವೇ ಕ್ಲೋರಿನ್ ಇಲ್ಲದ ಪ್ಲಾಸ್ಟಿಕ್ಕಿನದಾಗಿರಬೇಕು ಎಂದು ನಿಯಮ ಹೇಳುವುದು ಇದೇ ಕಾರಣಕ್ಕೆ. ಚೀಲದ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿ, ಒಳಗೆ ಪಿ.ವಿ.ಸಿ. ಕೊಳವೆ ತುಂಬಿದರೆ ಏನು ಬಂತು?

ಟ್ರೇಯಲ್ಲಿ ಮುಂದಿನದು ಹತ್ತಿಯ ಉಂಡೆ, ರಕ್ತ ಹೀರಿಕೊಂಡದ್ದು. ಹತ್ತಿಯನ್ನು ಬೇಯಿಸಿ ಮತ್ತೆ ಹತ್ತಿ ಮಾಡಲು ಆಗುವುದಿಲ್ಲ, ಸುಡಲೇಬೇಕು. ಹಳದಿ. ಕ್ಯಾನುಲಾ ಕದಲದಂತೆ ಅಂಟಿಸಿದ್ದ ಪ್ಲಾಸ್ಟರ್ ಹಳದಿ. ಗಾಯದ ಬ್ಯಾಂಡೇಜು, ಮೂಳೆ ಮುರಿದವರಿಗೆ ಹಾಕುವ ಪಿ.ಓ.ಪಿ. ಕಟ್ಟು, ಹೆರಿಗೆಯ ಮಾಸು, ಶಸ್ತ್ರಕ್ರಿಯೆಯಲ್ಲಿ ತೆಗೆದ ಅಂಗ, ರಕ್ತ ತಗುಲಿದ ಹಾಸಿಗೆ ಬಟ್ಟೆ, ಮುಖದ ಮಾಸ್ಕು, ಅವಧಿ ಮುಗಿದ ಔಷಧಿ, ಇವೆಲ್ಲ ಹಳದಿ. ಎಲ್ಲವೂ ಬೆಂಕಿಗೆ ಹೋಗಬೇಕಾದ್ದೇ.

ಔಷಧಿ ತೆಗೆದು ಖಾಲಿಯಾದ ಗಾಜಿನ ಆಂಪೂಲ್ ಒಂದಿತ್ತು, ಕತ್ತು ಮುರಿದದ್ದು. ಗಾಜು ಸುಟ್ಟರೆ ಕರಗಿ ಇನ್ಸಿನರೇಟರಿನ ತಳಕ್ಕೆ ಅಂಟುತ್ತದೆ, ಕೆಂಪು ಚೀಲಕ್ಕೆ ಹಾಕಿದರೆ ಚೀಲ ಹರಿದು ಎತ್ತುವವರ ಕೈ ಕೊಯ್ಯುತ್ತದೆ. ಅದಕ್ಕೆ ನೀಲಿ ಗುರುತಿನ, ಚುಚ್ಚಿದರೂ ತೂತಾಗದ ಡಬ್ಬಿ. 2016ರ ಮೂಲ ನಿಯಮದಲ್ಲಿ ನೀಲಿ ಗುರುತಿನ ರಟ್ಟಿನ ಪೆಟ್ಟಿಗೆ ಎಂದಿತ್ತು. ಆಂಪೂಲಿನಲ್ಲಿ ಉಳಿದ ದ್ರವ ಸೋರಿ ರಟ್ಟು ನೆನೆದು ತಳ ಕಳಚುವುದನ್ನು ನಾನೇ ಕಂಡಿದ್ದೇನೆ. 2018ರ ತಿದ್ದುಪಡಿಯಲ್ಲಿ ತೂತಾಗದ, ಸೋರದ ಡಬ್ಬಿ ಬೇಕು ಎಂದಾಯಿತು. ಮೂಳೆಗೆ ಹಾಕಿ ತೆಗೆದ ಲೋಹದ ಪ್ಲೇಟು, ಸ್ಕ್ರೂಗಳೂ ನೀಲಿಗೇ. ಶುದ್ಧ ಮಾಡಿದ ಮೇಲೆ ಅವೂ ಗಾಜಿನಂತೆ ಮರುಬಳಕೆಗೆ ಹೋಗುತ್ತವೆ.

ಉಳಿದದ್ದು ಸೂಜಿ. ಅದು ಬಿಳಿ, ಪಾರದರ್ಶಕ ಡಬ್ಬಿಗೆ. ಬ್ಲೇಡು, ಸ್ಕಾಲ್ಪೆಲ್ಲೂ ಅಲ್ಲಿಗೇ. ಇಲ್ಲಿ ಬಣ್ಣಕ್ಕಿಂತ ಡಬ್ಬಿಯ ಗುಣ ಮುಖ್ಯ: ಸೂಜಿ ಚುಚ್ಚಿ ಹೊರಬರಬಾರದು, ಸೋರಬಾರದು, ಒಮ್ಮೆ ಮುಚ್ಚಿದ ಮೇಲೆ ಯಾರೂ ಬಿಚ್ಚಲು ಆಗಬಾರದು. ಪಾರದರ್ಶಕ ಏಕೆಂದರೆ ಮುಕ್ಕಾಲು ತುಂಬಿದ್ದು ಹೊರಗಿನಿಂದಲೇ ಕಾಣಬೇಕು, ಇಣುಕಿ ನೋಡುವ ಹಾಗಿರಬಾರದು. ಮುಕ್ಕಾಲು ತುಂಬಿದ ಡಬ್ಬಿಯನ್ನು ಮುಚ್ಚಿಬಿಡಬೇಕು. ತುಂಬಿ ತುಳುಕುವ ಡಬ್ಬಿಗೆ ಇನ್ನೊಂದು ಸೂಜಿಯನ್ನು ಒತ್ತಿ ತುರುಕುವಾಗಲೇ ಕೈಗೆ ಚುಚ್ಚುವುದು.

ಟ್ರೇಯ ತಳದಲ್ಲಿ ಸಿರಿಂಜು ಸುತ್ತಿ ಬಂದಿದ್ದ ಕಾಗದದ ಕವರ್ ಉಳಿದಿತ್ತು. ಹುಡುಗಿ ಅದನ್ನೂ ಹಳದಿಗೆ ಹಾಕಲು ಹೋದಳು. ಅದಕ್ಕೆ ರೋಗಿಯ ರಕ್ತ ತಗುಲಿಲ್ಲ, ಅದು ಮನೆಯ ಒಣ ಕಸದಂಥದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆಸ್ಪತ್ರೆಯ ಕಸದಲ್ಲಿ ಸುಮಾರು ಶೇ. 85ರಷ್ಟು ಇಂಥ ಸಾಮಾನ್ಯ ಕಸ. ಅಪಾಯದ್ದು ಉಳಿದ ಶೇ. 15 ಮಾತ್ರ. ಆದರೆ ಒಂದು ಹಿಡಿ ರಕ್ತದ ಹತ್ತಿಯನ್ನು ಒಂದು ಬುಟ್ಟಿ ಕಾಗದಕ್ಕೆ ಬೆರೆಸಿದರೆ ಇಡೀ ಬುಟ್ಟಿಯೂ ಅಪಾಯದ ಕಸ. ಬೆರೆತದ್ದನ್ನು ಆಮೇಲೆ ಕೈಹಾಕಿ ಬೇರ್ಪಡಿಸುವ ಮಾತೇ ಇಲ್ಲ. ಆದ್ದರಿಂದ "ಜೀವ ವೈದ್ಯಕೀಯ ತ್ಯಾಜ್ಯ ನಿರ್ವಹಣೆಯಲ್ಲಿ ಅತಿ ಮುಖ್ಯ ಹಂತ ಯಾವುದು" ಎಂಬ ಪ್ರಶ್ನೆ ಬಂದರೆ ಉತ್ತರ ಸುಡುವುದೂ ಅಲ್ಲ, ಸಾಗಿಸುವುದೂ ಅಲ್ಲ. ಕಸ ಹುಟ್ಟಿದ ಜಾಗದಲ್ಲೇ ವಿಂಗಡಿಸುವುದು.

ಪ್ರಶ್ನೆಪತ್ರಿಕೆ ಕಾಲು ಎಳೆಯುವ ಜಾಗಗಳು

ದಾರಿ ತಿಳಿದವರನ್ನೂ ತಡವರಿಸುವಂತೆ ಮಾಡುವ ನಾಲ್ಕಾರು ವಸ್ತುಗಳಿವೆ. ಪ್ರಶ್ನೆ ತೆಗೆಯುವವರಿಗೆ ಅವೇ ಇಷ್ಟ.

ಮೊದಲನೆಯದು ಬ್ಲಡ್ ಬ್ಯಾಗ್. ಅದೂ ಪ್ಲಾಸ್ಟಿಕ್ಕೇ, ಯೂರಿನ್ ಬ್ಯಾಗಿನಂತೆಯೇ ಕಾಣುತ್ತದೆ. ಆದರೂ ಅದು ಹಳದಿಗೆ ಹೋಗುತ್ತದೆ. ನಾನು ಹೇಳಿದ ಸೂತ್ರಕ್ಕೆ ಇದು ದೊಡ್ಡ ಅಪವಾದ, ಇದನ್ನು ನೆನಪಿಟ್ಟುಕೊಳ್ಳಲೇಬೇಕು. ಯೂರಿನ್ ಬ್ಯಾಗನ್ನು ಚರಂಡಿಗೆ ಖಾಲಿ ಮಾಡಿ ಕೆಂಪಿಗೆ ಹಾಕಬಹುದು. ರಕ್ತದ ಚೀಲವನ್ನು ಹಾಗೆ ಬರಿದು ಮಾಡಿ ಕೆಂಪಿಗೆ ಹಾಕಲು ಬರುವುದಿಲ್ಲ.

ಎರಡನೆಯದು ಮಾಸ್ಕು ಮತ್ತು ಗ್ಲೌಸ್. ಎರಡನ್ನೂ ಒಟ್ಟಿಗೇ ಕಳಚುತ್ತೇವೆ, ಆದ್ದರಿಂದ ಒಂದೇ ಡಬ್ಬಿಗೆ ಎಸೆಯುವ ಅಭ್ಯಾಸ. ಮಾಸ್ಕು, ಟೋಪಿ ಹಳದಿ. ಗ್ಲೌಸ್ ಕೆಂಪು. ಕೋವಿಡ್ ಕಾಲದಲ್ಲಿ ನಮ್ಮ ವಾರ್ಡಿನಲ್ಲಿ ದಿನಕ್ಕೆ ಹತ್ತು ಸಲ ಈ ತಪ್ಪನ್ನು ತಿದ್ದಿದ್ದು ನೆನಪಿದೆ.

ಮೂರನೆಯದು ಗಾಜಿನ ವಯಲ್. ಖಾಲಿ ವಯಲ್ ನೀಲಿ. ಔಷಧಿ ಉಳಿದು ಅವಧಿ ಮುಗಿದಿದ್ದರೆ ಹಳದಿ, ಏಕೆಂದರೆ ಈಗ ಕಸವಾಗಿರುವುದು ಗಾಜಲ್ಲ, ಒಳಗಿನ ಔಷಧಿ. ಕ್ಯಾನ್ಸರ್ ಚಿಕಿತ್ಸೆಯ ಔಷಧಿಯಾದರೆ ಖಾಲಿ ವಯಲ್ ಕೂಡ ನೀಲಿಗೆ ಹೋಗುವುದಿಲ್ಲ. ಜೀವಕೋಶಗಳನ್ನೇ ಕೊಲ್ಲುವ ಆ ಔಷಧಿಯ ಸೋಂಕಿದ ಎಲ್ಲವನ್ನೂ 'ಸೈಟೊಟಾಕ್ಸಿಕ್' ಎಂದು ಗುರುತು ಹಾಕಿದ ಹಳದಿ ಚೀಲಕ್ಕೋ ಡಬ್ಬಿಗೋ ಹಾಕಿ, 1,200 ಡಿಗ್ರಿಗೂ ಮೇಲಿನ ಕಾವಿನಲ್ಲಿ ಸುಡಬೇಕು. ಸಾಮಾನ್ಯ ಹಬೆಗೆ ಬ್ಯಾಕ್ಟೀರಿಯಾ ಸಾಯಬಹುದು, ರಾಸಾಯನಿಕ ಸಾಯುವುದಿಲ್ಲ.

ನಾಲ್ಕನೆಯದು ಸೂಜಿ ಅಂಟಿಕೊಂಡೇ ಬರುವ ಸಿರಿಂಜು, ಇನ್ಸುಲಿನ್ನಿನದು. ಸೂಜಿಯನ್ನು ಬಿಡಿಸಲು ಬಾರದಿದ್ದರೆ ಇಡೀ ಸಿರಿಂಜು ಬಿಳಿ ಡಬ್ಬಿಗೆ. ಕಟರಿನಲ್ಲಿ ಸೂಜಿಯನ್ನು ಕತ್ತರಿಸಿದ್ದರೆ ಸೂಜಿ ಬಿಳಿಗೆ, ಉಳಿದ ಪ್ಲಾಸ್ಟಿಕ್ ಕೆಂಪಿಗೆ. ಪ್ರಶ್ನೆಯನ್ನು ಎರಡು ಸಲ ಓದಿ ಎಂದು ನಾನು ಹೇಳುವುದು ಇದಕ್ಕೇ. 'ಸೂಜಿ ಸಹಿತ' ಎಂಬ ಒಂದು ಪದ ಉತ್ತರದ ಬಣ್ಣವನ್ನೇ ಬದಲಿಸುತ್ತದೆ.

ಇನ್ನು ಸಂಖ್ಯೆಗಳು. 48 ಗಂಟೆ ಎಂಬುದು ಎರಡು ಕಡೆ ಬರುತ್ತದೆ, ಎರಡಕ್ಕೂ ಸಂಬಂಧವಿಲ್ಲ. ಸಂಸ್ಕರಿಸದ ಹಳದಿ ಕಸವನ್ನು, ಮುಖ್ಯವಾಗಿ ಅಂಗಾಂಗಗಳು ಮತ್ತು ರಕ್ತದ ಹತ್ತಿ-ಬಟ್ಟೆಯನ್ನು, 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಕೊಳೆಯುತ್ತದೆ. ಇನ್ನೊಂದು 48 ಗಂಟೆ ಸೋಂಕಿನ ಲೆಕ್ಕದ್ದು: ರೋಗಿ ದಾಖಲಾದಾಗ ಇಲ್ಲದ, ದಾಖಲಾಗಿ 48 ಗಂಟೆ ಕಳೆದ ಮೇಲೆ ಕಾಣಿಸಿಕೊಂಡ ಸೋಂಕನ್ನು ಆಸ್ಪತ್ರೆಯಿಂದ ಬಂದ ಸೋಂಕು ಎಂದು ಎಣಿಸುತ್ತಾರೆ. ಹಾಗೆಯೇ 75 ಕಿಲೋಮೀಟರ್. ಇಷ್ಟು ದೂರದೊಳಗೆ ಸಾಮೂಹಿಕ ಸಂಸ್ಕರಣಾ ಘಟಕವಿದ್ದರೆ ಆಸ್ಪತ್ರೆ ತನ್ನದೇ ಇನ್ಸಿನರೇಟರ್ ಕಟ್ಟಿಕೊಳ್ಳುವಂತಿಲ್ಲ. ಬಾರ್‌ಕೋಡ್ ಅಂಟಿಸಿದ ಚೀಲಗಳು ಘಟಕದ ವಾಹನದಲ್ಲೇ ಹೋಗಬೇಕು. ಕರ್ನಾಟಕದಲ್ಲಿ ಈ ಘಟಕಗಳಿಗೂ ಆಸ್ಪತ್ರೆಗಳಿಗೂ ಅನುಮತಿ ಕೊಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ.

ಹಳೆಯ ಗೈಡುಗಳ ಕಾಟ ಇಲ್ಲಿ ಹೆಚ್ಚು. ಕಪ್ಪು ಚೀಲವನ್ನು ಸರಿಯುತ್ತರವಾಗಿ ಕೊಟ್ಟ ಗೈಡು 1998ರದ್ದು. ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ಶೇ. 10 ಎಂದು ಬರೆದ ಗೈಡು 2016ರ ಮೂಲ ನಿಯಮದ್ದು. 2018ರ ತಿದ್ದುಪಡಿಯಲ್ಲಿ ಅದು ಶೇ. 1ರಿಂದ 2 ಆಯಿತು. ಇದನ್ನು ಕಲೆಸುವ ಲೆಕ್ಕವನ್ನೂ ಕೇಳುತ್ತಾರೆ. ಅಂಗಡಿಯಿಂದ ಬಂದ ಕ್ಯಾನಿನ ಮೇಲೆ ಶೇ. 5 ಎಂದಿದೆ, ನಿಮಗೆ ಶೇ. 1ರ ಒಂದು ಲೀಟರ್ ಬೇಕು ಎಂದುಕೊಳ್ಳಿ. ಐದು ಭಾಗದಲ್ಲಿ ಒಂದು ಭಾಗ ಔಷಧ, ನಾಲ್ಕು ಭಾಗ ನೀರು: 200 ಮಿಲಿಲೀಟರ್ ಹೈಪೋಕ್ಲೋರೈಟಿಗೆ 800 ಮಿಲಿಲೀಟರ್ ನೀರು. ಬೆಳಿಗ್ಗೆ ಕಲೆಸಿದ ದ್ರಾವಣವನ್ನು ಮರುದಿನ ಬಳಸಬಾರದು, ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗಿ ಬಕೆಟ್ಟಿನಲ್ಲಿ ಉಳಿಯುವುದು ಬಹುಪಾಲು ನೀರೇ.

ಸೂಜಿ ಎಂಬ ಒಂದೇ ವಸ್ತು

ಟ್ರೇಯಲ್ಲಿ ಅತಿ ಚಿಕ್ಕದಾದ ಸೂಜಿಯ ಮೇಲೆ ನಾನು ಅತಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಗುಜರಾತಿನ ಮೋಡಾಸಾ ಪಟ್ಟಣದಲ್ಲಿ 2009ರ ಆರಂಭದಲ್ಲಿ ಹೆಪಟೈಟಿಸ್ ಬಿ ಹರಡಿ ಹಲವರು ಸತ್ತರು. ಒಬ್ಬರಿಗೆ ಬಳಸಿದ ಸಿರಿಂಜು, ಸೂಜಿಗಳನ್ನು ಇನ್ನೊಬ್ಬರಿಗೆ ಬಳಸಿದ್ದರ ಕಡೆಗೇ ತನಿಖೆ ಬೆರಳು ತೋರಿಸಿತು. ಕೆಂಪು ಡಬ್ಬಿಗೆ ಹೋಗುವ ಸಿರಿಂಜನ್ನು ಏಕೆ ಕಡ್ಡಾಯವಾಗಿ ಚೂರು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ವಿವರಣೆ ಬೇಕಿಲ್ಲ. ಆಟೋಕ್ಲೇವ್ ರೋಗಾಣುವನ್ನು ಕೊಲ್ಲುತ್ತದೆ, ಆದರೆ ಸಿರಿಂಜಿನ ಆಕಾರ ಹಾಗೇ ಉಳಿದರೆ ಅದನ್ನು ತೊಳೆದು ಹೊಸ ಕವರಿಗೆ ಹಾಕಿ ಮಾರುವವರಿಗೆ ದಾರಿ ತೆರೆದಂತೆ. ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದ ಕಲೆಯಲ್ಲಿ ಏಳು ದಿನವಾದರೂ ಬದುಕಿರಬಲ್ಲದು. ಕಣ್ಣಿಗೆ ಸ್ವಚ್ಛವಾಗಿ ಕಂಡದ್ದು ಸ್ವಚ್ಛವಲ್ಲ.

ವಾರ್ಡಿನಲ್ಲಿ ಸೂಜಿ ಚುಚ್ಚಿಕೊಳ್ಳುವ ಬಹಳಷ್ಟು ಘಟನೆಗಳು ಒಂದು ಒಳ್ಳೆಯ ಉದ್ದೇಶದ ಕೆಲಸದಲ್ಲಿ ಆಗುತ್ತವೆ: ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವುದು. ಎಡಗೈಯಲ್ಲಿ ಮುಚ್ಚಳ, ಬಲಗೈಯಲ್ಲಿ ಸೂಜಿ, ಎರಡೂ ಒಂದಕ್ಕೊಂದು ಎದುರಾಗುತ್ತವೆ. ಗುರಿ ಒಂದು ಕೂದಲೆಳೆ ತಪ್ಪಿದರೆ ಎಡಗೈ ಹೆಬ್ಬೆರಳಿಗೆ ಚುಚ್ಚುತ್ತದೆ. ಬಳಸಿದ ಸೂಜಿಗೆ ಮುಚ್ಚಳ ಹಾಕಬಾರದು, ಬಗ್ಗಿಸಬಾರದು, ಕೈಯಿಂದ ಬಿಡಿಸಬಾರದು. ರೋಗಿಯ ಪಕ್ಕದಲ್ಲೇ ಇರುವ ಹಬ್ ಕಟರಿನಲ್ಲಿ ಕತ್ತರಿಸಿ, ಸಿರಿಂಜನ್ನು ಅಲ್ಲಿಂದಲೇ ಕೆಂಪಿಗೆ ಬಿಡಬೇಕು. ಕಟರ್ ನರ್ಸುಗಳ ಮೇಜಿನ ಮೇಲಿದ್ದು, ಸೂಜಿ ಹಿಡಿದು ವಾರ್ಡಿನ ಉದ್ದಕ್ಕೂ ನಡೆಯಬೇಕಾದರೆ ಆ ಕಟರ್ ಇದ್ದೂ ಇಲ್ಲದಂತೆ. ನಾನು ಯಾವುದೇ ವಾರ್ಡಿಗೆ ಹೋದರೂ ಮೊದಲು ನೋಡುವುದು ಕಟರ್ ಎಲ್ಲಿದೆ ಎಂಬುದನ್ನು.

ಕೆಲವು ವರ್ಷಗಳ ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ಚುಚ್ಚಿಸಿಕೊಂಡವಳು ನರ್ಸಲ್ಲ. ಕೆಂಪು ಚೀಲ ಕಟ್ಟುತ್ತಿದ್ದ ಗ್ರೂಪ್ ಡಿ ಅಕ್ಕ. ಯಾರೋ ಅವಸರದಲ್ಲಿ ಸೂಜಿ ಸಹಿತ ಸಿರಿಂಜನ್ನು ಕೆಂಪಿಗೆ ಎಸೆದಿದ್ದರು. ಅವರು ಚೀಲವನ್ನು ಒತ್ತಿ ಗಂಟು ಹಾಕುವಾಗ ಸೂಜಿ ಪ್ಲಾಸ್ಟಿಕ್ ಸೀಳಿ ಅಂಗೈಗೆ ಹೊಕ್ಕಿತು. ಅವರು ಬೆರಳಿನಿಂದ ರಕ್ತ ಹಿಂಡಿ, ಸ್ಪಿರಿಟ್ ಸುರಿದುಕೊಂಡು ಸಂಜೆಯವರೆಗೆ ಯಾರಿಗೂ ಹೇಳದೆ ಕೆಲಸ ಮುಂದುವರಿಸಿದರು. "ಹೇಳಿದ್ರೆ ಬೈತಾರೆ ಅಂದ್ಕೊಂಡೆ ಸಿಸ್ಟರ್" ಎಂದರು. ನನ್ನ ಕೈಗೆ ಆ ಸುದ್ದಿ ಸಿಕ್ಕುವ ಹೊತ್ತಿಗೆ ಏಳು ಗಂಟೆ ಕಳೆದಿತ್ತು.

ಅವರು ಮಾಡಿದ ಮೂರೂ ತಪ್ಪುಗಳು ಪರೀಕ್ಷೆಯ ಆಯ್ಕೆಗಳಲ್ಲಿ ಇರುತ್ತವೆ. ಹಿಂಡಬಾರದು, ಹಿಂಡಿದರೆ ಸುತ್ತಲಿನ ಚರ್ಮ ಇನ್ನಷ್ಟು ಗಾಸಿಯಾಗುತ್ತದೆ. ಸ್ಪಿರಿಟ್, ಬ್ಲೀಚು ಹಾಕಬಾರದು. ಹರಿಯುವ ನೀರು ಮತ್ತು ಸೋಪಿನಿಂದ ತೊಳೆಯಬೇಕು, ಅಷ್ಟೇ. ಬೆರಳನ್ನು ಬಾಯಿಗೆ ಇಟ್ಟುಕೊಳ್ಳಬಾರದು. ಮತ್ತೆ, ಕೂಡಲೇ ತಿಳಿಸಬೇಕು, ಏಕೆಂದರೆ ಗಡಿಯಾರ ಓಡುತ್ತಿರುತ್ತದೆ. ಎಚ್.ಐ.ವಿ. ತಡೆಯುವ ಮಾತ್ರೆಯ ಮೊದಲ ಗುಳಿಗೆ ಸಾಧ್ಯವಾದರೆ ಎರಡು ಗಂಟೆಯೊಳಗೆ ಬೀಳಬೇಕು. 72 ಗಂಟೆ ದಾಟಿದ ಮೇಲೆ ಶುರು ಮಾಡುವುದಿಲ್ಲ. ಶುರು ಮಾಡಿದರೆ 28 ದಿನ ಬಿಡದೆ ನುಂಗಬೇಕು.

ಒಂದು ಚುಚ್ಚಿನಿಂದ ರೋಗ ಅಂಟುವ ಸಾಧ್ಯತೆಗೆ ಒಂದು ಸುಲಭ ಲೆಕ್ಕವಿದೆ, ಮೂರರ ಲೆಕ್ಕ ಎನ್ನುತ್ತೇವೆ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ನೂರರಲ್ಲಿ ಸುಮಾರು ಮೂವತ್ತು ಸಲ, ಹೆಪಟೈಟಿಸ್ ಸಿ ಸುಮಾರು ಮೂರು ಸಲ, ಎಚ್.ಐ.ವಿ. ಸಾವಿರದಲ್ಲಿ ಸುಮಾರು ಮೂರು ಸಲ. ಜನ ಹೆದರುವುದು ಎಚ್.ಐ.ವಿ.ಗೆ, ಆದರೆ ಹೆಚ್ಚು ಅಂಟುವುದು ಹೆಪಟೈಟಿಸ್ ಬಿ. ಅದಕ್ಕೇ ಲಸಿಕೆ ಇರುವುದು. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು ಎಂದು 2016ರ ನಿಯಮವೇ ಹೇಳುತ್ತದೆ. ಡಾಕ್ಟರಿಗೆ, ನರ್ಸಿಗೆ ಮಾತ್ರವಲ್ಲ, ಚೀಲ ಕಟ್ಟುವ ಅಕ್ಕನಿಗೂ. ಆ ಅಕ್ಕನ ಲಸಿಕೆಯ ಕಾರ್ಡು ಹುಡುಕಿದಾಗ ಮೂರರಲ್ಲಿ ಎರಡು ಡೋಸು ಮಾತ್ರ ಆಗಿತ್ತು. ಮುಂದಿನ ಆರು ತಿಂಗಳು ಅವರು ಪರೀಕ್ಷೆಗೆ ಬರುತ್ತಿದ್ದರು. ಪ್ರತಿ ಸಲವೂ ರಿಪೋರ್ಟ್ ಕೈಗೆ ಬರುವವರೆಗೆ ಲ್ಯಾಬಿನ ಹೊರಗೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ಅವರಿಗೆ ಏನೂ ಆಗಲಿಲ್ಲ. ಸಿರಿಂಜು ಎಸೆದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ.

ಐದು ಗಳಿಗೆ

ಆಸ್ಪತ್ರೆಯ ಸೋಂಕು ತಡೆಯಲು ಒಂದೇ ಒಂದು ಕ್ರಮ ಹೇಳಿ ಎಂದರೆ ಕೈ ತೊಳೆಯುವುದು. ಇದು ಎಲ್ಲರಿಗೂ ಗೊತ್ತು. ಪ್ರಶ್ನೆ ಬರುವುದು ಯಾವಾಗ ತೊಳೆಯಬೇಕು ಎಂಬುದರ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭ ಹೇಳಿದೆ. ಅದೇ ಅಜ್ಜನ ಡ್ರಿಪ್ಪಿನಲ್ಲೇ ಐದೂ ಇವೆ.

ಅಜ್ಜನ ನಾಡಿ ಹಿಡಿಯುವ ಮೊದಲು ಒಮ್ಮೆ. ಕ್ಯಾನುಲಾ ಚುಚ್ಚುವ ಮೊದಲು, ಗ್ಲೌಸ್ ಹಾಕಿಕೊಳ್ಳುವುದಕ್ಕೆ ಮುಂಚೆ, ಇನ್ನೊಮ್ಮೆ. ಕ್ಯಾನುಲಾ ತೆಗೆದು ರಕ್ತ ತಾಕುವ ಸಂದರ್ಭ ಬಂದ ಮೇಲೆ ಮೂರನೆಯದು, ಗ್ಲೌಸ್ ಹಾಕಿದ್ದರೂ ತೊಳೆಯಬೇಕು. ಕಣ್ಣಿಗೆ ಕಾಣದ ತೂತು ಗ್ಲೌಸಿನಲ್ಲಿರಬಹುದು, ಕಳಚುವಾಗಲೂ ಕೈಗೆ ತಾಗಬಹುದು. ಅಜ್ಜನನ್ನು ಮುಟ್ಟಿ ಹೊರಟ ಮೇಲೆ ನಾಲ್ಕನೆಯದು. ಐದನೆಯದನ್ನು ಮರೆಯುವವರೇ ಹೆಚ್ಚು: ಅಜ್ಜನನ್ನು ಮುಟ್ಟದೆ ಅವರ ಮಂಚದ ಕಂಬಿಯನ್ನೋ ಡ್ರಿಪ್ ಸ್ಟ್ಯಾಂಡನ್ನೋ ಮುಟ್ಟಿದರೂ ಆಮೇಲೆ ಕೈ ಶುಚಿ ಮಾಡಬೇಕು. 'ರೋಗಿಯ ಸುತ್ತಲಿನ ವಸ್ತು ಮುಟ್ಟುವ ಮೊದಲು' ಎಂಬ ಆಯ್ಕೆ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಅದು ಐದರಲ್ಲಿ ಇಲ್ಲದ್ದು. ಮೊದಲು ಎಂಬುದು ಎರಡು, ನಂತರ ಎಂಬುದು ಮೂರು.

ಕೈಗೆ ಕೊಳೆ ಕಾಣದಿದ್ದರೆ ಆಲ್ಕೋಹಾಲ್ ಇರುವ ಹ್ಯಾಂಡ್‌ರಬ್ 20ರಿಂದ 30 ಸೆಕೆಂಡು. ರಕ್ತವೋ ಕೊಳೆಯೋ ಕಂಡರೆ ಸೋಪು ನೀರು, 40ರಿಂದ 60 ಸೆಕೆಂಡು. ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿಯಾಗುತ್ತಿರುವ ರೋಗಿಯನ್ನು ನೋಡಿಕೊಂಡ ಮೇಲೆ ಹ್ಯಾಂಡ್‌ರಬ್ ಸಾಲದು, ಅದರ ಬೀಜಕಣಗಳಿಗೆ ಆಲ್ಕೋಹಾಲ್ ಏನೂ ಮಾಡುವುದಿಲ್ಲ. ಸೋಪು ಹಚ್ಚಿ ನೀರಿನಲ್ಲಿ ತೊಳೆದು ಹಾಕಲೇಬೇಕು.

ಆ ಹುಡುಗಿ ಅಂದು ಟ್ರೇ ಖಾಲಿ ಮಾಡಿ, ಕೈ ತೊಳೆದು ಬಂದು, ಒಂದು ಮಾತು ಕೇಳಿದಳು. "ಮೇಡಂ, ನಮ್ಮಪ್ಪ ಮನೇಲಿ ಇನ್ಸುಲಿನ್ ತಗೋತಾರೆ. ಆ ಸೂಜೀನ ಅಮ್ಮ ಅಡುಗೆ ಕಸದ ಜೊತೆ ಹಾಕ್ತಾರೆ. ಅದು ಯಾವ ಬಣ್ಣ?"

ಆಸ್ಪತ್ರೆಯ ನಾಲ್ಕು ಡಬ್ಬಿಗಳು ಮನೆಗೆ ಬರುವುದಿಲ್ಲ, ಆದರೆ ಸೂಜಿ ಬಂದಿದೆ. ಬೆಂಗಳೂರಿನ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯಲ್ಲಿ ಮನೆಯ ವೈದ್ಯಕೀಯ ಕಸಕ್ಕೂ ಸ್ಯಾನಿಟರಿ ಕಸಕ್ಕೂ ಕೆಂಪು ಬುಟ್ಟಿ ಎಂದಿದೆ. ಆಸ್ಪತ್ರೆಯ ಕೆಂಪಿಗೂ ಇದಕ್ಕೂ ಸಂಬಂಧವಿಲ್ಲ, ಗೊಂದಲ ಬೇಡ. ನಿಮ್ಮ ಮನೆಯಲ್ಲಿ ಇನ್ಸುಲಿನ್ ಹಾಕಿಕೊಳ್ಳುವವರಿದ್ದರೆ ದಪ್ಪ ಪ್ಲಾಸ್ಟಿಕ್ಕಿನ, ತಿರುಗಿಸುವ ಮುಚ್ಚಳವಿರುವ ಒಂದು ಡಬ್ಬಿಯನ್ನು, ಫಿನಾಯಿಲ್ ಡಬ್ಬಿಯಾದರೂ ಆದೀತು, ಸೂಜಿಗಳಿಗೆಂದೇ ಇಡಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ 'ಸೂಜಿ' ಎಂದು ದೊಡ್ಡದಾಗಿ ಬರೆದು, ಬೇರೆಯಾಗಿಯೇ ಕೊಡಿ. ಬೆಳಿಗ್ಗೆ ನಿಮ್ಮ ಬಾಗಿಲಿಗೆ ಬರುವ ಪೌರಕಾರ್ಮಿಕರು ಆ ಚೀಲವನ್ನು ಬರಿಗೈಯಲ್ಲಿ ಎತ್ತುತ್ತಾರೆ.